ನಾಲಿಗೆ ಕೆಳಗಿನ ಮಾತ್ರೆ: ಮೊದಲು ಕುಳಿತುಕೊಳ್ಳಿ, ಆಮೇಲೆ ಗಡಿಯಾರ ನೋಡಿ

ಮಂಗಳೂರಿನ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಸಿಸ್ಟ್. ದಿನಕ್ಕೆ ಒಬ್ಬರಾದರೂ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಕೇಳಿಕೊಂಡು ಬರುತ್ತಾರೆ. ಸ್ಟ್ರಿಪ್ ಕೊಡುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ, "ನೋವು ಬಂದ್ರೆ ಇದನ್ನು ಹೇಗೆ ತಗೊಳ್ತೀರಿ?" "ನಾಲಿಗೆ ಅಡಿಗೆ ಇಡುವುದು" ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿಗೆ ಉತ್ತರ ಮುಗಿಯುತ್ತದೆ. ನಿಂತುಕೊಂಡಾ, ಕೂತುಕೊಂಡಾ? ಎಷ್ಟು ಹೊತ್ತು ಕಾಯಬೇಕು? ಕಡಿಮೆ ಆಗದಿದ್ರೆ ಇನ್ನೊಂದು ಯಾವಾಗ? ಮೂರನೆಯದರ ನಂತರ ಏನು? ಇಲ್ಲಿಗೆ ಬಂದರೆ ಹೆಚ್ಚಿನವರು ಡಾಕ್ಟರ ಚೀಟಿ ಹುಡುಕಲು ಶುರು ಮಾಡುತ್ತಾರೆ. ಎದೆ ಹಿಂಡುತ್ತಿರುವಾಗ ಚೀಟಿ ಹುಡುಕಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಆ ಹದಿನೈದು ನಿಮಿಷದಲ್ಲಿ ಏನೇನು ಮಾಡಬೇಕು ಅಂತ ಮಾತ್ರ ಇಲ್ಲಿ ಬರೆಯುತ್ತೇನೆ.

ಇದು ಯಾರಿಗೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹೃದಯದ ರಕ್ತನಾಳದಲ್ಲಿ ತಡೆ ಉಂಟು, ನಡೆದಾಗ ಎದೆ ಬಿಗಿಯುತ್ತದೆ ಅಂತ ಈಗಾಗಲೇ ಗೊತ್ತಿದ್ದು, ಡಾಕ್ಟರು ಈ ಮಾತ್ರೆಯನ್ನು ನಿಮ್ಮ ಹೆಸರಿಗೇ ಬರೆದುಕೊಟ್ಟಿದ್ದರೆ ಇದು ನಿಮಗೆ. ನಿಮ್ಮ ಮನೆಯವರಿಗೆ ಕೂಡ. ಈವರೆಗೆ ಹೃದಯದ ತೊಂದರೆಯೇ ಗೊತ್ತಿಲ್ಲದವರಿಗೆ ಮೊದಲ ಸಲ ಎದೆನೋವು ಬಂದರೆ ಮಾಡಬೇಕಾದ್ದು ಒಂದೇ, 108ಕ್ಕೆ ಫೋನ್. ವಾಟ್ಸಾಪ್‌ನಲ್ಲಿ ಓಡಾಡುವ "ಜೇಬಿನಲ್ಲಿ ಈ ಮೂರು ಮಾತ್ರೆ ಇಟ್ಟುಕೊಳ್ಳಿ" ಅನ್ನುವ ಮೆಸೇಜ್ ನೋಡಿ ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಒಂದು ಎತ್ತಿ ಬಾಯಿಗೆ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ಕೈಯಲ್ಲಿರುವ ಮಾತ್ರೆ ಯಾವುದು?

ನಮ್ಮ ಕಡೆ ನಾಲಿಗೆ ಕೆಳಗೆ ಇಡಲು ಜಾಸ್ತಿ ಬರೆಯುವುದು ಐಸೊಸಾರ್ಬೈಡ್ ಡೈನೈಟ್ರೇಟ್, 5 ಮಿಲಿಗ್ರಾಂ. ಸಾರ್ಬಿಟ್ರೇಟ್ ಅಂದರೆ ಇದೇ. ಕೆಲವರಿಗೆ ನೈಟ್ರೋಗ್ಲಿಸರಿನ್‌ನ ಸಣ್ಣ ಮಾತ್ರೆ ಅಥವಾ ಸ್ಪ್ರೇ ಕೊಟ್ಟಿರುತ್ತಾರೆ. ನೈಟ್ರೋಗ್ಲಿಸರಿನ್ ಅಂದರೆ ಡೈನಮೈಟ್‌ಗೆ ಹಾಕುವ ಅದೇ ವಸ್ತು, 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಎಂಬ ವೈದ್ಯರು ಇದನ್ನು ಎದೆನೋವಿಗೆ ಕೊಟ್ಟು ನೋಡಿ ಬರೆದರು. ಮಾತ್ರೆಯಲ್ಲಿ ಇರುವುದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ, ಜೇಬಿನಲ್ಲಿ ಸಿಡಿಯುವುದಿಲ್ಲ. ಹೆದರಬೇಡಿ.

ಹೆದರಬೇಕಾದ್ದು ಹೆಸರಿನ ಗೊಂದಲಕ್ಕೆ. ಐಸೊಸಾರ್ಬೈಡ್ ಮೊನೊನೈಟ್ರೇಟ್ ಅಂತ ಇನ್ನೊಂದು ಉಂಟು. ಅದು ದಿನಾ ನುಂಗುವ ಮಾತ್ರೆ, ನೋವು ಬಂದಾಗ ತಕ್ಷಣಕ್ಕೆ ಇರುವುದಲ್ಲ. ಹಾಗೆಯೇ 2.6 ಅಂತ ಬರೆದಿರುವ, ನಿಧಾನವಾಗಿ ಬಿಡುಗಡೆಯಾಗುವ ನೈಟ್ರೋಗ್ಲಿಸರಿನ್ ಮಾತ್ರೆಯ ಮೇಲೂ ಕೆಲವೊಮ್ಮೆ "ಸಾರ್ಬಿಟ್ರೇಟ್" ಅನ್ನುವ ಹೆಸರು ಇರುತ್ತದೆ. ಅದನ್ನೂ ಇಡಿಯಾಗಿ ನುಂಗಬೇಕು. ಅಂದರೆ ಒಂದೇ ಡಬ್ಬಿಯಲ್ಲಿ ಎರಡೂ ಸ್ಟ್ರಿಪ್ ಇದ್ದು, ಅವಸರದಲ್ಲಿ ತಪ್ಪಿದ್ದು ಕೈಗೆ ಬಂದರೆ, ಅದು ನಾಲಿಗೆ ಕೆಳಗೆ ಕರಗದೆ ಕಲ್ಲಿನ ಹಾಗೆ ಕೂತಿರುತ್ತದೆ, ನೋವು ಮಾತ್ರ ಏರುತ್ತದೆ. ಇವತ್ತೇ ನಿಮ್ಮ ಔಷಧದ ಡಬ್ಬಿ ತೆಗೆದು ನೋಡಿ. ನಾಲಿಗೆ ಕೆಳಗಿನದ್ದು ಯಾವುದು ಅಂತ ಸಂಶಯ ಬಂದರೆ ಸ್ಟ್ರಿಪ್ ಹಿಡಿದುಕೊಂಡು ಮೆಡಿಕಲ್‌ಗೆ ಹೋಗಿ ಕೇಳಿ. ಗೊತ್ತಾದ ಮೇಲೆ ಅದಕ್ಕೊಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಬೇರೆಯೇ ಇಡಿ. ಸಾರ್ಬಿಟ್ರೇಟ್ 10 ಮಿಲಿಗ್ರಾಂನಲ್ಲೂ ಬರುತ್ತದೆ. ಡಾಕ್ಟರು 5 ಬರೆದಿದ್ದು ಅಂಗಡಿಯವರು 10 ಕೊಟ್ಟಿದ್ದರೆ ಬದಲಾಯಿಸಿಕೊಳ್ಳಿ.

ನೋವು ಶುರುವಾದ ಕೂಡಲೇ

ನನ್ನ ಮಾವನ ಕಥೆ ಹೇಳುತ್ತೇನೆ, ಅದರಲ್ಲೇ ಎಲ್ಲ ಬರುತ್ತದೆ. ಅವರಿಗೆ 67 ವರ್ಷ. ಉಡುಪಿಯಲ್ಲಿ ಮನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಯಾವುದೋ ಕೆಲಸಕ್ಕೆ ಮಂಗಳೂರಿಗೆ ಬಂದವರು ಹಂಪನಕಟ್ಟೆಯಲ್ಲಿ ಇಳಿದು, ಹೊಟ್ಟೆ ತುಂಬ ಊಟ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಬಾವುಟಗುಡ್ಡೆಯ ಏರು ಹತ್ತಲು ಹೊರಟರು. ರಿಕ್ಷಾಕ್ಕೆ ಸುಮ್ನೆ ದುಡ್ಡು ಯಾಕೆ ಅಂತ. ಊಟ, ಬಿಸಿಲು, ಏರು. ಹೃದಯಕ್ಕೆ ಈ ಮೂರೂ ಒಟ್ಟಿಗೆ ಬಂದರೆ ಕೆಲಸ ಜಾಸ್ತಿ. ಅರ್ಧ ಏರಿಗೆ ಎದೆಯ ನಡುವೆ ಹಿಂಡಿದ ಹಾಗೆ ಆಗಿ ಎಡ ದವಡೆವರೆಗೆ ಹತ್ತಿತು. ಮಾವ ಅಲ್ಲೇ ನಿಂತರು, ಜೇಬಿನಿಂದ ಮಾತ್ರೆ ತೆಗೆದರು, ನಾಲಿಗೆ ಕೆಳಗೆ ಇಟ್ಟರು. ಕಾಯುವಾಗಲೂ ನಿಂತೇ ಇದ್ದರು. ಎರಡು ನಿಮಿಷದಲ್ಲಿ ಕಣ್ಣು ಕತ್ತಲೆ ಬಂದು ಅಂಗಡಿಯ ಮೆಟ್ಟಿಲಿನ ಮೇಲೆ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ.

ಮಾವನನ್ನು ಬೀಳಿಸಿದ್ದು ಹೃದಯ ಅಲ್ಲ, ಮಾತ್ರೆ. ಅದು ಏನು ಮಾಡುತ್ತದೆ ಅಂದರೆ, ಮೈಯಲ್ಲಿನ ರಕ್ತನಾಳಗಳನ್ನು, ಮುಖ್ಯವಾಗಿ ಹೃದಯಕ್ಕೆ ವಾಪಸ್ ರಕ್ತ ತರುವ ನಾಳಗಳನ್ನು, ಸಡಿಲ ಮಾಡುತ್ತದೆ. ಸಡಿಲವಾದ ನಾಳದಲ್ಲಿ ರಕ್ತ ಸ್ವಲ್ಪ ನಿಲ್ಲುತ್ತದೆ, ಹೃದಯಕ್ಕೆ ಬರುವ ಹೊರೆ ಇಳಿಯುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕ ಕಡಿಮೆ ಸಾಕಾಗುತ್ತದೆ, ನೋವು ತಗ್ಗುತ್ತದೆ. ಹೃದಯದ ಸ್ವಂತ ರಕ್ತನಾಳವೂ ಸ್ವಲ್ಪ ಅಗಲವಾಗುತ್ತದೆ. ಆದರೆ ನಿಂತಿದ್ದರೆ ಆ ರಕ್ತ ಎಲ್ಲಿ ನಿಲ್ಲುತ್ತದೆ? ಕಾಲಿನಲ್ಲಿ. ಬಿಪಿ ಕುಸಿಯುತ್ತದೆ, ತಲೆಗೆ ರಕ್ತ ಸಾಲದು, ಮನುಷ್ಯ ಬೀಳುತ್ತಾನೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆಳಗ್ಗಿನಿಂದ ಬೆವರಿ ಮೈಯ ನೀರು ಹೋಗಿದ್ದರೆ, ಮೇಲಿಂದ ಬಿಪಿ ಮಾತ್ರೆಯೂ ತೆಗೆದುಕೊಂಡಿದ್ದರೆ, ಇನ್ನೂ ಬೇಗ.

ಹಾಗಾದರೆ ಮಲಗಬಹುದಲ್ಲ ಅಂತ ಕೇಳುವವರಿದ್ದಾರೆ. ಪೂರ್ತಿ ಚಪ್ಪಟೆ ಮಲಗಿದರೆ ಕಾಲಿನ ರಕ್ತವೆಲ್ಲ ಹೃದಯದ ಕಡೆಗೆ ಬರುತ್ತದೆ, ಇಳಿಸಬೇಕೆಂದಿದ್ದ ಹೊರೆ ಮತ್ತೆ ಏರುತ್ತದೆ. ಕೆಲವರಿಗೆ ಉಸಿರೂ ಕಟ್ಟುತ್ತದೆ. ಎರಡಕ್ಕೂ ನಡುವಿನದ್ದು ಕುಳಿತುಕೊಳ್ಳುವುದು. ಬೆನ್ನಿಗೆ ಒರಗಲು ಏನಾದರೂ ಇರಲಿ, ಕಾಲು ನೆಲಕ್ಕೆ ತಾಗಿರಲಿ. ಮನೆಯಲ್ಲಾದರೆ ಕೈ ಇರುವ ಕುರ್ಚಿ. ದಾರಿಯಲ್ಲಾದರೆ ಅಂಗಡಿಯ ಮೆಟ್ಟಿಲು, ಬಸ್ ಸ್ಟ್ಯಾಂಡಿನ ಬೆಂಚು, ಏನೂ ಇಲ್ಲದಿದ್ದರೆ ಗೋಡೆಗೆ ಒರಗಿ ನೆಲದ ಮೇಲೆ. ಪಂಚೆ ಕೊಳೆಯಾಗುತ್ತದೆ ಅಂತ ನೋಡಬೇಡಿ. ಬಸ್ಸಿನಲ್ಲಿ ನಿಂತಿದ್ದರೆ ಸೀಟು ಕೇಳಿ, ನಾಚಿಕೆ ಬೇಡ. ಗಾಡಿ ಓಡಿಸುತ್ತಿದ್ದರೆ ಬದಿಗೆ ನಿಲ್ಲಿಸಿ, ಸ್ಕೂಟರಿನಿಂದ ಇಳಿದು ಕೂತ ಮೇಲೆಯೇ ಮಾತ್ರೆ.

ಒಬ್ಬರೇ ಮನೆಯಲ್ಲಿದ್ದರೆ ಕೂರುವ ಮೊದಲು ಒಂದು ಕೆಲಸ. ಎರಡೇ ಹೆಜ್ಜೆ ದೂರದಲ್ಲಿದ್ದರೆ ಬಾಗಿಲ ಚಿಲಕ ತೆಗೆದಿಡಿ, ಮೊಬೈಲ್ ಕೈಗೆ ತಗೊಳ್ಳಿ. ದೂರ ಇದ್ದರೆ ಚಿಲಕ ಬಿಟ್ಟುಬಿಡಿ, ಮೊಬೈಲ್ ಸಾಕು.

ಬಾಯಿಯೊಳಗೆ

ಬಾಯಲ್ಲಿ ಎಲೆಅಡಿಕೆ ಇದ್ದರೆ ಉಗಿದುಬಿಡಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಸುಣ್ಣ, ಹೊಗೆಸೊಪ್ಪಿನ ರಸದಲ್ಲಿ ಮಾತ್ರೆ ತೇಲಿ ಹೋಗಿ ಗಂಟಲಿಗೆ ಇಳಿದದ್ದನ್ನು ನಮ್ಮಲ್ಲಿ ಬರುವ ಒಬ್ಬರು ಹೇಳಿದ್ದಾರೆ, "ನುಂಗಿದ್ದೆಂತ, ಇಟ್ಟದ್ದೆಂತ, ನನಗೇ ಗೊತ್ತಾಗಲಿಲ್ಲ" ಅಂತ. ಬಾಯಿ ಒಣಗಿದ್ದರೆ (ಹೆದರಿಕೆಗೆ ಒಣಗಿಯೇ ಇರುತ್ತದೆ) ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ನೀರು ಮಾತ್ರೆಗೆ ಮೊದಲು, ಮಾತ್ರೆಯ ಜೊತೆ ಅಲ್ಲ.

ಈಗ ನಾಲಿಗೆಯ ತುದಿಯನ್ನು ಮೇಲಿನ ಅಂಗುಳಿಗೆ ತಾಗಿಸಿ. ಕೆಳಗೆ, ನಡುವೆ ಒಂದು ತೆಳು ಪಟ್ಟಿ ಕಾಣುತ್ತದಲ್ಲ, ಅದರ ಯಾವುದಾದರೂ ಒಂದು ಪಕ್ಕಕ್ಕೆ ಮಾತ್ರೆ ಇಡಿ. ಮೆಲ್ಲಗೆ ನಾಲಿಗೆ ಇಳಿಸಿ, ಬಾಯಿ ಮುಚ್ಚಿ. ಅಲ್ಲಿ ಚರ್ಮ ತುಂಬ ತೆಳು, ಕೆಳಗೇ ರಕ್ತನಾಳಗಳು. ಮಾತ್ರೆ ಕರಗಿದ ಹಾಗೆ ಔಷಧ ನೇರ ರಕ್ತಕ್ಕೆ ಹೋಗುತ್ತದೆ. ನುಂಗಿದರೆ ಹೊಟ್ಟೆ, ಕರುಳು ದಾಟಿ ಮೊದಲು ಲಿವರ್‌ಗೆ ಹೋಗುತ್ತದೆ, ಲಿವರ್ ಅದರ ಬಹುಪಾಲನ್ನು ಒಡೆದು ಹಾಕುತ್ತದೆ. ಉಳಿದ ಚೂರು ಕೆಲಸ ಶುರು ಮಾಡುವಷ್ಟರಲ್ಲಿ ಅರ್ಧ ಗಂಟೆ ಕಳೆದರೂ ಕಳೆಯಿತು.

ಜಗಿಯಬೇಡಿ, ಚೀಪಬೇಡಿ, ಮಾತಾಡಬೇಡಿ. ಎಂಜಲು ತುಂಬಿಕೊಂಡರೆ ಆದಷ್ಟು ಹೊತ್ತು ಹಾಗೇ ಹಿಡಿದುಕೊಳ್ಳಿ, ನುಂಗಿದಷ್ಟೂ ಔಷಧ ಹೊಟ್ಟೆಗೆ ಹೋಗಿ ವ್ಯರ್ಥ. ಸ್ವಲ್ಪ ಚುರುಚುರು ಅನ್ನಬಹುದು. ಅನ್ನದಿದ್ದರೆ ಮಾತ್ರೆ ಸತ್ತಿದೆ ಅಂತ ಅರ್ಥ ಅಲ್ಲ. ಅದು ಕೆಲವರಿಗೆ ಗೊತ್ತಾಗುತ್ತದೆ, ಕೆಲವರಿಗೆ ಇಲ್ಲ. ಪೂರ್ತಿ ಕರಗುವ ಮೊದಲೇ ನೋವು ಹೋಯಿತು ಅಂತಾದರೆ ಉಳಿದ ಚೂರನ್ನು ಉಗಿದುಬಿಡಬಹುದು, ತಲೆನೋವು ಸ್ವಲ್ಪ ಕಡಿಮೆ ಬರುತ್ತದೆ.

ಹೌದು, ತಲೆನೋವು ಬರುತ್ತದೆ. ತಲೆ ಢಂ ಢಂ ಅನ್ನುವುದು, ಮುಖ ಬಿಸಿಯಾಗುವುದು, ಎರಡೂ ರಕ್ತನಾಳ ಅಗಲವಾದದ್ದರ ಗುರುತು. ಮಾತ್ರೆ ನಿಮಗೆ ಆಗಿಬರಲಿಲ್ಲ ಅಂತ ಅಲ್ಲ. ಈ ತಲೆನೋವಿಗೆ ಹೆದರಿ ಮಾತ್ರೆ ಇಡದೆ ನೋವು ಸಹಿಸಿಕೊಂಡು ಕೂರುವವರು ನನಗೆ ಗೊತ್ತಿದ್ದಾರೆ. ಎದೆನೋವು ಹೋದ ಮೇಲೆ ತಲೆನೋವಿಗೆ ಒಂದು ಪ್ಯಾರಸಿಟಮಾಲ್ ತಗೊಂಡರೆ ಆಯಿತು.

ಗಡಿಯಾರ

ಮಾತ್ರೆ ಇಟ್ಟ ಕ್ಷಣದ ಗಂಟೆ ನೋಡಿ, ಬಾಯಿ ಬಿಟ್ಟು ಹೇಳಲು ಆಗುವುದಿಲ್ಲವಾದ್ದರಿಂದ ಬರೆದುಕೊಳ್ಳಿ, ಅಥವಾ ಮನೆಯವರಿಗೆ ಬೆರಳು ತೋರಿಸಿ. ನೋವಿನಲ್ಲಿ ಎರಡು ನಿಮಿಷ ಹತ್ತು ನಿಮಿಷದ ಹಾಗೆ ಅನಿಸುತ್ತದೆ. ಕೆಲವರಿಗೆ ಉಲ್ಟಾ, "ಈಗ ಕಡಿಮೆಯಾಗುತ್ತದೆ, ಈಗ ಕಡಿಮೆಯಾಗುತ್ತದೆ" ಅಂತ ಅರ್ಧ ಗಂಟೆ ಕಳೆದುಬಿಡುತ್ತದೆ.

ನಿಯಮ ಐದೈದು ನಿಮಿಷದ ಲೆಕ್ಕ. ಮೊದಲ ಮಾತ್ರೆ ಇಟ್ಟು ಐದು ನಿಮಿಷ ಕಾಯಬೇಕು. ನೈಟ್ರೋಗ್ಲಿಸರಿನ್ ಆದರೆ ಒಂದರಿಂದ ಮೂರು ನಿಮಿಷದಲ್ಲಿ, ಐಸೊಸಾರ್ಬೈಡ್ ಆದರೆ ಎರಡರಿಂದ ಐದು ನಿಮಿಷದಲ್ಲಿ ಅದರ ಕೆಲಸ ಶುರುವಾಗಿರುತ್ತದೆ. ನೋವು ಪೂರ್ತಿ ಹೋಯಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಆದರೂ ಕೂಡಲೇ ಏಳಬೇಡಿ. ಕಾಲು ಗಂಟೆ ಕೂತಿದ್ದು, ಮೊದಲು ಕಾಲು ಆಡಿಸಿ, ಆಮೇಲೆ ಏನಾದರೂ ಹಿಡಿದುಕೊಂಡು ಏಳಿ. ಏರು ಹತ್ತುವುದನ್ನು ಆ ದಿನಕ್ಕೆ ಬಿಡಿ.

ಐದು ನಿಮಿಷ ಆಯಿತು, ನೋವು ಇದ್ದ ಹಾಗೆಯೇ ಇದೆ ಅಥವಾ ಜಾಸ್ತಿಯಾಗಿದೆ ಅಂದರೆ ಮೊದಲು 108ಕ್ಕೆ ಫೋನ್, ಆಮೇಲೆ ಎರಡನೆಯ ಮಾತ್ರೆ. ಈ ಕ್ರಮವನ್ನು ತಿರುಗಿಸಬೇಡಿ. ಮೂರು ಮಾತ್ರೆ ಮುಗಿದ ಮೇಲೆ ಫೋನ್ ಮಾಡುವುದು ಅಂತ ತುಂಬ ಜನ ತಿಳಿದಿದ್ದಾರೆ, ಹಳೆಯ ಅಭ್ಯಾಸ ಅದು. ಹಾಗೆ ಮಾಡಿದರೆ ಹದಿನೈದು ನಿಮಿಷ ಸುಮ್ನೆ ಹೋಗುತ್ತದೆ, ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಆ ಹದಿನೈದು ನಿಮಿಷದಲ್ಲೂ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ. ಈ ಮಾತ್ರೆ ಕಟ್ಟಿಕೊಂಡ ರಕ್ತದ ಗಡ್ಡೆಯನ್ನು ಕರಗಿಸುವುದಿಲ್ಲ.

ನೋವು ಮೊದಲಿಗಿಂತ ತುಂಬ ಇಳಿದಿದೆ, ಆದರೆ ಚೂರು ಉಳಿದಿದೆ ಅಂದರೆ ಎರಡನೆಯದು ಇಟ್ಟು ಇನ್ನು ಐದು ನಿಮಿಷ ನೋಡಬಹುದು. ಆಗಲೂ ಉಳಿದಿದ್ದರೆ ಮೂರನೆಯದನ್ನು ಇಟ್ಟುಕೊಂಡು 108. ಅಲ್ಲಿಗೆ ಮುಗಿಯಿತು. ಹದಿನೈದು ನಿಮಿಷದಲ್ಲಿ ಮೂರಕ್ಕಿಂತ ಜಾಸ್ತಿ ಇಲ್ಲ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ, ಉದಾಹರಣೆಗೆ ಎರಡೇ ಸಾಕು ಅಂದಿದ್ದರೆ, ನಿಮಗೆ ಅದೇ ನಿಯಮ.

ಎರಡನೆಯದು ಇಡುವ ಮೊದಲು ಪ್ರತಿ ಸಲ ಒಂದು ಪ್ರಶ್ನೆ: ಕೂತಲ್ಲೇ ತಲೆ ತೇಲುತ್ತಿದೆಯಾ, ಕಣ್ಣು ಕತ್ತಲೆ ಬರುತ್ತಿದೆಯಾ? ಹೌದಾದರೆ ಮುಂದಿನ ಮಾತ್ರೆ ಬೇಡ. ಮನೆಯಲ್ಲಿ ಬಿಪಿ ಮಿಷನ್ ಇದ್ದು, ಪಕ್ಕದಲ್ಲಿ ಜನ ಇದ್ದರೆ ನೋಡಿ. ಮೇಲಿನ ಅಂಕಿ 90ಕ್ಕಿಂತ ಕೆಳಗೆ ಇದ್ದರೆ ಕೊಡಬಾರದು. ಮಿಷನ್ ಅಟ್ಟದ ಮೇಲೆ ಇದ್ದರೆ ಹುಡುಕುತ್ತಾ ಕೂರಬೇಡಿ. ತಲೆ ತಿರುಗಿ ಬೀಳುವ ಹಾಗಾದರೆ ಆಗ ಮಲಗಿಸಿ ಕಾಲು ಎತ್ತಿಡಬೇಕು. ನೋವಿಗೆ ಕೂರುವುದು, ಬಿಪಿ ಕುಸಿದರೆ ಮಲಗುವುದು.

ಇಡಲೇಬಾರದ ಸಂದರ್ಭ

ಕೌಂಟರಿನಲ್ಲಿ ಇದನ್ನು ಹೇಳಲು ನನಗೂ ಮೊದಲಿಗೆ ಮುಜುಗರ ಆಗುತ್ತಿತ್ತು. ವಯಾಗ್ರ ತರಹದ ಮಾತ್ರೆ, ಅಂದರೆ ಸಿಲ್ಡೆನಾಫಿಲ್, ತೆಗೆದುಕೊಂಡು 24 ಗಂಟೆ ಆಗಿರದಿದ್ದರೆ ಸಾರ್ಬಿಟ್ರೇಟ್ ಮುಟ್ಟಬಾರದು. ಟಡಾಲಾಫಿಲ್ ಆದರೆ 48 ಗಂಟೆ. ಇವುಗಳ ಜೊತೆ ಸಾರ್ಬಿಟ್ರೇಟ್ ಸೇರಿದರೆ ಬಿಪಿ ಎಷ್ಟು ಕುಸಿಯುತ್ತದೆ ಅಂದರೆ ಜೀವಕ್ಕೇ ಅಪಾಯ. ಹೆಂಡತಿ ಮಕ್ಕಳ ಎದುರು ಹೇಳಲು ನಾಚಿಕೆಯಾಗುತ್ತದೆ, ಗೊತ್ತು. ಆಂಬುಲೆನ್ಸ್‌ನವರಿಗೆ ಕಿವಿಯಲ್ಲಾದರೂ ಹೇಳಿ, ಅವರೂ ಸಾರ್ಬಿಟ್ರೇಟ್ ಜಾತಿಯ ಔಷಧ ಕೊಡುವವರು. ಇದೇ ಸಿಲ್ಡೆನಾಫಿಲ್, ಟಡಾಲಾಫಿಲ್‌ಗಳನ್ನು ಶ್ವಾಸಕೋಶದ ಬಿಪಿಗೂ ಕೊಡುತ್ತಾರೆ, ಟಡಾಲಾಫಿಲ್ ಅನ್ನು ಪ್ರೊಸ್ಟೇಟ್ ತೊಂದರೆಗೂ ಬರೆಯುವುದುಂಟು. ಆದ್ದರಿಂದ "ನಾನು ಅಂಥದ್ದೆಲ್ಲ ತಗೊಳ್ಳುವುದಿಲ್ಲ" ಅನ್ನುವ ಮೊದಲು ಸ್ಟ್ರಿಪ್‌ನ ಹೆಸರು ಓದಿ.

ಹೃದಯದ ಒಂದು ಕವಾಟ ತುಂಬ ಕಿರಿದಾಗಿರುವವರಿಗೆ, ಹೃದಯದ ಬಲಭಾಗಕ್ಕೆ ಆಘಾತ ಆದವರಿಗೆ ಕೂಡ ಈ ಮಾತ್ರೆಯಿಂದ ಬಿಪಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಸಿಜಿ, ಎಕೋ ಇಲ್ಲದೆ ಅದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರ ಮಾತ್ರೆ ಬೇಡ ಅಂದದ್ದು ಇದಕ್ಕೇ.

ಇನ್ನು ನಮ್ಮೂರಿನ ದೊಡ್ಡ ಶತ್ರು, "ಗ್ಯಾಸ್". ಜೀರಿಗೆ ಕಷಾಯ, ಸೋಡಾ, ಅರ್ಧ ನಿಂಬೆಹಣ್ಣು, ಇಷ್ಟು ಆಗದೆ ಯಾರೂ ಹೊರಡುವುದಿಲ್ಲ. ಕೆಲವು ಬುದ್ಧಿವಂತರು ಇನ್ನೊಂದು ಮಾಡುತ್ತಾರೆ: ಸಾರ್ಬಿಟ್ರೇಟ್ ಇಟ್ಟು ನೋಡುವುದು, ಕಡಿಮೆಯಾದರೆ ಹಾರ್ಟು, ಆಗದಿದ್ದರೆ ಗ್ಯಾಸ್. ಈ ಪರೀಕ್ಷೆ ಪೂರ್ತಿ ತಪ್ಪು. ಅನ್ನನಾಳ ಹಿಡಿದುಕೊಂಡು ಬರುವ ನೋವು ಕೂಡ ಈ ಮಾತ್ರೆಗೆ ಇಳಿಯುತ್ತದೆ, ಯಾಕೆಂದರೆ ಅಲ್ಲಿನ ಸ್ನಾಯುವೂ ಸಡಿಲವಾಗುತ್ತದೆ. ನಿಜವಾದ ಹೃದಯಾಘಾತದ ನೋವು ಇಳಿಯದೆಯೇ ಇರಬಹುದು. ಅಂದರೆ ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವುದು ಗ್ಯಾಸ್ ಎನ್ನುವುದಕ್ಕೆ ಸಾಕ್ಷಿ ಅಲ್ಲ, ಆಂಬುಲೆನ್ಸ್ ಕರೆಯಲು ಕಾರಣ.

ಎರಡನೆಯ ಸಲ

ಮಾವನ ಹಣೆಯ ಹೊಲಿಗೆ ಬಿಚ್ಚಿದ ದಿನ ನಾನು ಒಂದು ಹಾಳೆಯಲ್ಲಿ ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಅವರ ಫ್ರಿಜ್‌ಗೆ ಅಂಟಿಸಿದೆ. "ನನಗೆಂತ ಪರೀಕ್ಷೆ ಉಂಟಾ ಮಾರಾಯ್ತಿ?" ಅಂತ ಮಾವ ನಕ್ಕರು. ಅತ್ತೆ ನಗಲಿಲ್ಲ, ಎರಡು ಸಲ ಓದಿದರು.

ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಐದೂ ಮುಕ್ಕಾಲಿಗೆ ಹತ್ತಿರ ಮಾವನಿಗೆ ನೋವಿನಿಂದಲೇ ಎಚ್ಚರ ಆಯಿತು. ಇದು ಮೊದಲಿನ ಹಾಗಲ್ಲ ಅಂತ ಇಲ್ಲೇ ಗೊತ್ತಾಗಬೇಕು. ಏರು ಹತ್ತಿದಾಗ ಬಂದು, ನಿಂತರೆ ಹೋಗುವ ನೋವು ಒಂದು ರೀತಿ. ಮಲಗಿದ್ದಲ್ಲೇ ಬರುವುದು, ಮೊದಲಿಗಿಂತ ಕಡಿಮೆ ನಡಿಗೆಗೇ ಬರುವುದು, ವಾರಕ್ಕೊಮ್ಮೆ ಇದ್ದದ್ದು ದಿನಾ ಆಗುವುದು, ಜೊತೆಗೆ ತಣ್ಣನೆಯ ಬೆವರು, ವಾಂತಿ ಬಂದ ಹಾಗೆ, ಉಸಿರು ಸಾಲದ ಹಾಗೆ ಆಗುವುದು, ಇದು ಬೇರೆಯೇ. ಇಂಥದ್ದು ಮಾತ್ರೆಗೆ ಪೂರ್ತಿ ಇಳಿದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಸರಿಯಾಗಿ ಗೊತ್ತಾಗದೆ ಬರೀ ಬೆವರು, ಸುಸ್ತು, ಏದುಸಿರು ಮಾತ್ರ ಕಾಣಬಹುದು.

ಅತ್ತೆ ಅವರನ್ನು ಚಾವಡಿಯ ಕೈಕುರ್ಚಿಯಲ್ಲಿ ಕೂರಿಸಿದರು. ಬೆನ್ನಿಗೆ ದಿಂಬು. 5:42ಕ್ಕೆ ಮೊದಲ ಮಾತ್ರೆ, ಗಂಟೆಯನ್ನು ಕ್ಯಾಲೆಂಡರಿನ ಮೇಲೆ ಬರೆದರು. 5:47ಕ್ಕೆ ಕೇಳಿದರೆ ಮಾವ ತಲೆ ಅಡ್ಡ ಆಡಿಸಿದರು, ಕಡಿಮೆ ಇಲ್ಲ. ಅತ್ತೆ 108ಕ್ಕೆ ಫೋನ್ ಮಾಡಿ ಹೇಳಿದ್ದು ಇಷ್ಟು: "ಎದೆನೋವು, 67 ವರ್ಷ, ಹಾರ್ಟಿನ ತೊಂದರೆ ಮೊದಲೇ ಉಂಟು, ಒಂದು ಸಾರ್ಬಿಟ್ರೇಟ್ ಕೊಟ್ಟಾಯ್ತು, ಕಡಿಮೆ ಆಗಲಿಲ್ಲ." ಆಮೇಲೆ ಮನೆಯ ಗುರುತು, ಯಾವ ದೈವಸ್ಥಾನದ ಎದುರಿನ ಓಣಿ, ಗೇಟಿನ ಬಣ್ಣ. ಬಿಪಿ ನೋಡಿದರು, 126. ಎರಡನೆಯ ಮಾತ್ರೆ 5:49ಕ್ಕೆ. ಹೊರಗಿನ ಲೈಟ್ ಹಾಕಿ, ಗೇಟ್ ತೆಗೆದು, ನಾಯಿಯನ್ನು ಕಟ್ಟಿದರು.

5:54ಕ್ಕೆ ನೋವು ಸ್ವಲ್ಪ ಇಳಿದಿತ್ತು, ಹೋಗಿರಲಿಲ್ಲ. ಬಿಪಿ 104. ತಲೆ ತಿರುಗುವುದಿಲ್ಲ ಅಂದರು. ಮೂರನೆಯದು ಇಟ್ಟರು. ಇದರ ನಡುವೆ ಆಸ್ಪಿರಿನ್ ಕೂಡ ಆಯಿತು: ಹೀಗೆ ಆದರೆ ಸುಮಾರು 300 ಮಿಲಿಗ್ರಾಂ ಜಗಿದು ನುಂಗಲು ಅವರ ಡಾಕ್ಟರು ಮೊದಲೇ ಹೇಳಿಟ್ಟಿದ್ದರು, ಮನೆಯಲ್ಲಿ ಇದ್ದದ್ದು 75ರದ್ದು, ನಾಲ್ಕು ಕೊಟ್ಟರು. ಆಸ್ಪಿರಿನ್ ಜಗಿಯುವುದು, ಸಾರ್ಬಿಟ್ರೇಟ್ ಜಗಿಯಬಾರದು, ಇದು ಅದಲುಬದಲಾಗುವುದು ತುಂಬ ಸುಲಭ. ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಆರು ಗಂಟೆಗೆ ಮಾವ ಕೈಯಲ್ಲೇ ಸನ್ನೆ ಮಾಡಿದರು, ಇನ್ನೊಂದು ಕೊಡು ಅಂತ. "ಮೂರಾಯ್ತು, ಇನ್ನು ಇಲ್ಲ" ಅಂದರು ಅತ್ತೆ. ಮಾವ ಸ್ವಲ್ಪ ಸಿಟ್ಟಾದರು. ಆಂಬುಲೆನ್ಸ್ 6:10ಕ್ಕೆ ಬಂತು. ಅತ್ತೆ ಕ್ಯಾಲೆಂಡರಿನ ಆ ಹಾಳೆಯನ್ನೇ ಹರಿದು ಅವರ ಕೈಗೆ ಕೊಟ್ಟರು, ಮೂರು ಮಾತ್ರೆ ಇಟ್ಟ ಸಮಯ, ಎರಡು ಬಿಪಿ, ಆಸ್ಪಿರಿನ್ ನಾಲ್ಕು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಹೃದಯಾಘಾತ ಅಂತ ಗೊತ್ತಾಯಿತು, ಅದೇ ಬೆಳಗ್ಗೆ ಸ್ಟೆಂಟ್ ಹಾಕಿದರು.

108 ಯಾಕೆ, ಮಗನ ಕಾರಿನಲ್ಲೇ ಹೋಗಬಹುದಿತ್ತಲ್ಲ ಅಂತ ಆಮೇಲೆ ಒಬ್ಬರು ಕೇಳಿದರು. ಕಾರಿನಲ್ಲಿ ದಾರಿ ಮಧ್ಯೆ ಹೃದಯ ನಿಂತರೆ ಮಗ ಸ್ಟಿಯರಿಂಗ್ ಹಿಡಿಯುವುದಾ, ಅಪ್ಪನನ್ನಾ? ಆಂಬುಲೆನ್ಸ್ ತುಂಬ ತಡ ಅಂತ ಗೊತ್ತಾದರೆ ಮಾತ್ರ ಕಾರು, ಅದೂ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ, ಓಡಿಸುವವರು ಒಬ್ಬರು, ರೋಗಿಯ ಪಕ್ಕ ಒಬ್ಬರು.

ಮಾತ್ರೆ ಇಡುವ ಜಾಗ

ನಮ್ಮ ಮಳೆಗಾಲದ ತೇವ, ಏಪ್ರಿಲ್‌ನ ಸೆಕೆ, ಎರಡೂ ಈ ಮಾತ್ರೆಗೆ ಆಗಿಬರುವುದಿಲ್ಲ. ನೈಟ್ರೋಗ್ಲಿಸರಿನ್ ಗಾಜಿನ ಸೀಸೆಯಲ್ಲಿ ಬಂದಿದ್ದರೆ ಅದರಲ್ಲೇ ಇರಲಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಹತ್ತಿ ತುರುಕಬೇಡಿ. ಅದು ಆವಿಯಾಗುವ ವಸ್ತು, ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರಿಕೊಳ್ಳುತ್ತವೆ. ಸೀಸೆ ತೆರೆದ ದಿನಾಂಕ ಮೇಲೆ ಬರೆದು, ಎಷ್ಟು ದಿನ ಇಡಬಹುದು ಅಂತ ಲೇಬಲ್ ನೋಡಿ. ಸಾರ್ಬಿಟ್ರೇಟ್ ಸ್ಟ್ರಿಪ್‌ನಲ್ಲಿರುವುದರಿಂದ ಅಷ್ಟು ನಾಜೂಕಲ್ಲ, ಆದರೆ ಮೊದಲೇ ಬಿಡಿಸಿ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳಬೇಡಿ. ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಬೇಡವೇ ಬೇಡ.

ಮಾವ ಈಗ ಮೂರು ಕಡೆ ಇಟ್ಟಿದ್ದಾರೆ: ಅಂಗಿಯ ಜೇಬಿನಲ್ಲಿ ಕತ್ತರಿಸಿದ ಒಂದು ತುಂಡು ಸ್ಟ್ರಿಪ್, ಹಾಸಿಗೆಯ ಪಕ್ಕ ಒಂದು, ಅತ್ತೆಯ ಪರ್ಸಿನಲ್ಲಿ ಒಂದು. ಕತ್ತರಿಸುವಾಗ ಎಕ್ಸ್‌ಪೈರಿ ದಿನಾಂಕ ಒಂದು ತುಂಡಿಗೆ ಮಾತ್ರ ಉಳಿಯುತ್ತದೆ, ಹಾಗಾಗಿ ಉಳಿದ ತುಂಡುಗಳ ಹಿಂದೆ ಮಾರ್ಕರಿನಲ್ಲಿ ಬರೆದಿದ್ದೇವೆ. ಅಂಗಿಯ ಜೇಬಿನ ತುಂಡು ಈವರೆಗೆ ಎರಡು ಸಲ ವಾಷಿಂಗ್ ಮಿಷನ್‌ಗೆ ಹೋಗಿದೆ. ಎರಡು ಸಲವೂ ಹೊಸದು ಕೊಟ್ಟೆ.